ಕೇದಾರ ಘಾಟಿನ ಆ ಫೋಟೋ

ಕಾಶಿಯಲ್ಲಿ ಮನೆ ಮಾಡಿಕೊಂಡಿರುವ ಕನ್ನಡದವರಿಗೆ ಚಳಿಗಾಲವೆಂದರೆ ನೆಂಟರ ಕಾಲ. ಊರಲ್ಲಿ ಅಡಿಕೆ ಕೊಯ್ಲು ಒಂದು ಹದಕ್ಕೆ ಬಂತು ಅನ್ನುವಾಗ ಯಾರಾದರೊಬ್ಬರು ಸಂಘಮಿತ್ರ ಎಕ್ಸ್‌ಪ್ರೆಸ್ ಹತ್ತಿ ಮೊಘಲಸರಾಯಿಯಲ್ಲಿ ಇಳಿಯುತ್ತಾರೆ. ಸ್ಟೇಷನ್ನಿನ ಹೆಸರು ಬದಲಾಗಿ ವರ್ಷಗಳಾದರೂ ನಮ್ಮ ಕಡೆಯವರ ಬಾಯಲ್ಲಿ ಅದು ಇನ್ನೂ ಮೊಘಲಸರಾಯಿಯೇ. ಚೀಲದಲ್ಲಿ ಅಪ್ಪೆಮಿಡಿ, ಹಪ್ಪಳದ ಕಟ್ಟು, ಮಗನಿಗೊಂದು ಸ್ವೆಟರು. ಈ ಜನವರಿಯಲ್ಲಿ ಬಂದವರು ಒಟ್ಟು ಒಂಬತ್ತು ಜನ. ಹಿರಿತನ ದೊಡ್ಡ ಮಾವನದು. ಅಂದರೆ ನನ್ನ ಮಾವನವರ ಅಣ್ಣ. ವಯಸ್ಸು 74. ಕೈಯಲ್ಲಿ ಮೊಮ್ಮಗಳು ಕೊಡಿಸಿದ ಹೊಸ ಫೋನು.

ಶನಿವಾರ ಬೆಳಗ್ಗೆ ಅಸ್ಸಿಯಿಂದ ದೋಣಿ ಮಾಡಿಕೊಂಡು ಕೇದಾರ ಘಾಟಿಗೆ ಹೋದೆವು. ದಕ್ಷಿಣದವರಿಗೆಲ್ಲ ಆ ಘಾಟಿನ ಮೇಲೆ ಒಂದು ಒಲವು. ಕೆಂಪು ಬಿಳಿ ಪಟ್ಟೆಯ ಗೋಡೆ ಕಂಡರೆ ಊರಿನ ದೇವಸ್ಥಾನದ ಪೌಳಿ ಕಂಡಂತಾಗುತ್ತದೆ. ಮಂಜು ಎಷ್ಟಿತ್ತೆಂದರೆ ಆಚೆ ದಡವೇ ಇರಲಿಲ್ಲ. ಎಂಟು ವರ್ಷದ ನನ್ನ ಮಗ ಚಡ್ಡಿಯಲ್ಲಿ ಮೆಟ್ಟಿಲಿಳಿದ. ದೊಡ್ಡ ಮಾವ ಅವನ ತಲೆ ಹಿಡಿದು ಮೂರು ಸಲ ಮುಳುಗಿಸಿದರು. ಮೂರನೆಯದಕ್ಕೆ ನೀರು ಮೂಗಿಗೆ ಹೋಗಿ ಅವನು ಹೋ ಎಂದು ಅತ್ತುಬಿಟ್ಟ. ಮೈಯೆಲ್ಲ ಮುಳ್ಳು, ಹಲ್ಲು ಕಟಕಟ, ಮೂಗಿನಲ್ಲಿ ಸಿಂಬಳ. ನಾನು ಟವೆಲ್ಲು ಸುತ್ತುವ ಮೊದಲೇ ದೊಡ್ಡ ಮಾವ ಫೋಟೋ ತೆಗೆದಾಗಿತ್ತು. 7 ಗಂಟೆ 40 ನಿಮಿಷಕ್ಕೆ ಅದು ಕುಟುಂಬದ ವಾಟ್ಸಾಪ್ ಗುಂಪಿಗೆ ಹೋಯಿತು. ಕೆಳಗೆ ಒಂದು ಸಾಲು: ‘ಗಂಗಾ ತೀರದಲ್ಲಿ ನಮ್ಮ ಬಾಲಕೃಷ್ಣ.’

ಆ ಗುಂಪಿನಲ್ಲಿ 164 ಜನ ಇದ್ದಾರೆ. ನಾನು ಮುಖ ನೋಡಿ ಗುರುತು ಹಿಡಿಯಬಲ್ಲವರು ಐವತ್ತಾದರೂ ಇದ್ದಾರೋ ಇಲ್ಲವೋ. ಅಳಿಯಂದಿರ ತಮ್ಮಂದಿರು, ಬೀಗರು, ಬೀಗರ ನೆರೆಯವರು, ಪೂಜೆಗೆ ಬರುವ ಭಟ್ಟರು, ಒಬ್ಬ ಇನ್ಶೂರೆನ್ಸ್ ಏಜೆಂಟರೂ ಇದ್ದಾರೆ. ಗುಂಪು ಕಟ್ಟುವಾಗ ಮನೆಯಷ್ಟೇ ಇರುತ್ತದೆ. ಆಮೇಲೆ ಅದು ಸಂತೆ ಆಗುತ್ತದೆ. ಹೆಸರು ಮಾತ್ರ ಮನೆಯದೇ ಉಳಿಯುತ್ತದೆ.

ಭಾನುವಾರ ರಾತ್ರಿ ಊಟ ಮುಗಿದ ಮೇಲೆ ಹುಡುಗರೆಲ್ಲ ಒಂದು ಫೋನಿನ ಸುತ್ತ ಕೂತು ನಗುತ್ತಿದ್ದರು. ನನ್ನ ಮಗ ಎದ್ದು ಬಂದು ಅಡುಗೆಮನೆಯ ಬಾಗಿಲ ಹಿಂದೆ ನಿಂತ. ಬೆಂಗಳೂರಿನಲ್ಲಿ ಪಿಯುಸಿ ಓದುವ ಅವನ ದೊಡ್ಡಪ್ಪನ ಮಗ ಆ ಫೋಟೋದಿಂದ ಅಳುವ ಮುಖವನ್ನಷ್ಟೇ ಕತ್ತರಿಸಿ ಸ್ಟಿಕ್ಕರ್ ಮಾಡಿದ್ದ. ಯಾರಿಗೋ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದರೆ ಅದು, ಯಾರದೋ ಬಸ್ಸು ತಪ್ಪಿದರೆ ಅದು. ‘ಅಮ್ಮಾ, ಅದನ್ನ ತೆಗೆಸು’ ಅಂದ. ಅಳಲಿಲ್ಲ. ಅಳದೆ ಹೇಳಿದ್ದರಿಂದಲೇ ನನಗೆ ಅದು ಆಟದ ಮಾತಲ್ಲ ಎಂದು ಗೊತ್ತಾಯಿತು.

ತೆಗೆಸುವುದು ಎರಡು ಕೆಲಸ. ಒಂದು ಫೋನಿನದು, ಇನ್ನೊಂದು ನಾಲಿಗೆಯದು. ಫೋನಿನ ಕೆಲಸಕ್ಕೆ ಗಡುವಿದೆ. ವಾಟ್ಸಾಪ್‌ನಲ್ಲಿ ಒಬ್ಬರು ಕಳಿಸಿದ್ದನ್ನು ಎಲ್ಲರ ಫೋನಿನಿಂದಲೂ ಅವರೇ ಅಳಿಸಬಹುದು, ಆದರೆ ಕಳಿಸಿದ ಹೊತ್ತಿನಿಂದ ಎರಡು ದಿನ ಹನ್ನೆರಡು ಗಂಟೆಯೊಳಗೆ. ಮೊದಲು ಗಂಟೆ ಲೆಕ್ಕದಲ್ಲಿ ಮುಗಿದುಹೋಗುತ್ತಿದ್ದ ಅವಧಿಯನ್ನು 2022ರಲ್ಲಿ ಹೀಗೆ ಹಿಗ್ಗಿಸಿದರು. ಶನಿವಾರ ಬೆಳಗ್ಗೆ 7:40ಕ್ಕೆ ಹಾಕಿದ್ದಕ್ಕೆ ಸೋಮವಾರ ಸಂಜೆ 7:40ರವರೆಗೆ ಸಮಯ. ಆಮೇಲೆ ದೊಡ್ಡ ಮಾವ ಮನಸ್ಸು ಮಾಡಿದರೂ ಅವರ ಫೋನಿನಿಂದ ಆ ಕೆಲಸ ಆಗುವುದಿಲ್ಲ. ಹಾಗಾಗಿ ‘ನೋಡೋಣ, ಅವರು ಊರಿಗೆ ಹೋಗಿ ಸುಧಾರಿಸಿಕೊಳ್ಳಲಿ, ನಿಧಾನವಾಗಿ ಹೇಳೋಣ’ ಎನ್ನುವ ನಮ್ಮ ಕಡೆಯ ಸಂಭಾವಿತ ಕ್ರಮ ಇಲ್ಲಿ ನಡೆಯುವುದಿಲ್ಲ. ನಾಲಿಗೆಯ ಕೆಲಸಕ್ಕೆ ಪುರುಸೊತ್ತು ಬೇಕು, ಫೋನು ಪುರುಸೊತ್ತು ಕೊಡುವುದಿಲ್ಲ.

ಯಾರು ಹೇಳಬೇಕು ಎನ್ನುವುದು ಮೊದಲ ಪ್ರಶ್ನೆ. ಅವರವರ ಕಡೆಯವರಿಗೆ ಅವರವರೇ ಹೇಳುವುದು ಕ್ಷೇಮ ಎಂದು ನಾನು ನಂಬಿದ್ದೇನೆ. ಗಂಡನ ದೊಡ್ಡಪ್ಪನಿಗೆ ಗಂಡ, ನನ್ನ ಚಿಕ್ಕಮ್ಮನಿಗೆ ನಾನು. ಆದರೆ ನಮ್ಮವರಿಗೂ ದೊಡ್ಡ ಮಾವನಿಗೂ ತೋಟದ ಪಾಲಿನ ನಂತರ ನೇರ ಮಾತು ಅಷ್ಟಕ್ಕಷ್ಟೆ. ‘ಕಾಫಿ ಆಯ್ತಾ’, ‘ಆಯ್ತು’ ಅಷ್ಟೇ. ಇವರ ಬಾಯಿಂದ ‘ತೆಗೆಯಿರಿ’ ಎನ್ನುವ ಶಬ್ದ ಹೊರಟರೆ ಅದು ಫೋಟೋದ ಮಾತಾಗಿ ಅವರ ಕಿವಿಗೆ ಬೀಳುವುದಿಲ್ಲ, ಬೇಲಿಯ ಮಾತಾಗಿ ಬೀಳುತ್ತದೆ. ‘ನೀನೇ ಹೇಳು, ನಿನ್ನ ಗೊಜ್ಜವಲಕ್ಕಿ ತಿಂದಿದ್ದಾರೆ’ ಅಂದರು ಇವರು. ತಮಾಷೆಗೆ ಹೇಳಿದ್ದು, ಆದರೆ ಅದರಲ್ಲಿ ಲೆಕ್ಕಾಚಾರ ಸರಿಯಿತ್ತು.

ಇನ್ನೊಂದು ತೊಡಕೂ ಇತ್ತು, ಅದು ನನ್ನನ್ನು ಆ ರಾತ್ರಿ ಬಹಳ ಹೊತ್ತು ಎಚ್ಚರವಿಟ್ಟಿತು. ಆ ಫೋಟೋಕ್ಕೆ 47 ಹೃದಯಗಳು ಬಂದಿದ್ದವು. ಒಂದೊಂದಾಗಿ ಒತ್ತಿ ಯಾರ್‍ಯಾರು ಅಂತ ನೋಡಿದೆ. ಪಾಲಾದ ಮೇಲೆ ಆ ಗುಂಪಿನಲ್ಲಿ ಸುಮ್ಮನೆ ಕೂತಿದ್ದ ಕೆಳಗಿನ ಮನೆಯವರು, ಶುಭೋದಯಕ್ಕೂ ಉತ್ತರಿಸದವರು, ಅವರಲ್ಲಿ ಆರು ಜನ ಹೃದಯ ಒತ್ತಿದ್ದರು. ಒಬ್ಬರು ‘ಅಣ್ಣಯ್ಯ, ಚಳಿ ಜೋರಾ?’ ಎಂದು ಕೇಳಿದ್ದರು. ದೊಡ್ಡ ಮಾವ ಅದಕ್ಕೆ ಮೂರು ಸಾಲು ಉತ್ತರ ಬರೆದಿದ್ದರು. ಸಂದೇಶ ಅಳಿಸಿದರೆ ಅದಕ್ಕೆ ಅಂಟಿದ ಹೃದಯಗಳೂ ಅದರ ಜೊತೆಗೇ ಹೋಗುತ್ತವೆ. ನಾನು ಕೇಳಬೇಕಾಗಿದ್ದದ್ದು ಬರೀ ಒಂದು ಚಿತ್ರವನ್ನಲ್ಲ.

ಬೇರೆ ದಾರಿಗಳಿವೆಯೇ ಎಂದೂ ಯೋಚಿಸಿದೆ. 2020ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಒಬ್ಬ ತಾಯಿ, ಮೊಮ್ಮಕ್ಕಳ ಫೋಟೋವನ್ನು ಫೇಸ್‌ಬುಕ್‌ನಿಂದ ತೆಗೆಯದ ತನ್ನ ಸ್ವಂತ ತಾಯಿಯ ಮೇಲೆ ನ್ಯಾಯಾಲಯಕ್ಕೆ ಹೋಗಿದ್ದರು. ತೆಗೆಯಬೇಕು, ಇಲ್ಲದಿದ್ದರೆ ದಿನಕ್ಕೆ 50 ಯೂರೋ ದಂಡ, ಹೆಚ್ಚೆಂದರೆ 1,000 ಯೂರೋ ಎಂದು ತೀರ್ಪಾಯಿತು. ನಮ್ಮಲ್ಲಿ ಅಂಥ ದಾರಿ ಸುಲಭದ್ದಲ್ಲ. 2023ರ ದತ್ತಾಂಶ ರಕ್ಷಣೆಯ ಕಾಯ್ದೆ ಹದಿನೆಂಟರೊಳಗಿನವರನ್ನು ಮಕ್ಕಳೆಂದು ಎಣಿಸಿ ಅವರ ಮಾಹಿತಿಗೆ ತಂದೆ ತಾಯಿಯ ಒಪ್ಪಿಗೆ ಕೇಳುತ್ತದೆ. ಆದರೆ ಒಬ್ಬ ವ್ಯಕ್ತಿ ತನ್ನ ಸ್ವಂತ ಅಥವಾ ಮನೆಯ ಕೆಲಸಕ್ಕೆ ಬಳಸುವುದನ್ನು ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿದೆ. ಕುಟುಂಬದ ಗುಂಪಿಗೆ ಫೋಟೋ ಹಾಕುವ ದೊಡ್ಡ ಮಾವನನ್ನು ಅದು ಮುಟ್ಟುವಂತೆ ಕಾಣುವುದಿಲ್ಲ. ನನಗೆ ಅದರಿಂದ ಬೇಜಾರೇನೂ ಆಗಲಿಲ್ಲ. ಡಚ್ ಅಜ್ಜಿಗೂ ಮಗಳಿಗೂ ಮಾತು ನಿಂತು ಬಹಳ ದಿನವಾಗಿತ್ತಂತೆ. ಕೋರ್ಟು ಬರುವುದು ಮಾತು ಮುಗಿದವರಿಗೆ.

ಗುಂಪಿನಲ್ಲೇ ‘ದಯವಿಟ್ಟು ಮಕ್ಕಳ ಫೋಟೋ ಹಾಕಬೇಡಿ’ ಎಂದು ಸಾರ್ವತ್ರಿಕವಾಗಿ ಬರೆಯುವುದು ಹಲವರು ಹಿಡಿಯುವ ದಾರಿ. ಹೆಸರು ಹೇಳಿಲ್ಲವಲ್ಲ ಎಂಬ ಸಮಾಧಾನ. ಆದರೆ ಹಿಂದಿನ ದಿನ ಒಂದೇ ಮಗುವಿನ ಫೋಟೋ ಬಂದಿರುವಾಗ ಹೆಸರು ಹೇಳದಿದ್ದರೂ 163 ಜನಕ್ಕೆ ಹೆಸರು ಗೊತ್ತು. ಅಷ್ಟು ಜನರೆದುರು 74 ವರ್ಷದವರನ್ನು ನಿಲ್ಲಿಸಿದ ಹಾಗೆ ಅದು. ಜೊತೆಗೆ, ನೋಡದವರೂ ಮೇಲೆ ಹೋಗಿ ಹುಡುಕಿ ನೋಡುತ್ತಾರೆ. ಅವರಿಗೊಬ್ಬರಿಗೇ ಪ್ರತ್ಯೇಕವಾಗಿ ಬರೆಯಬಹುದಿತ್ತು. ಆದರೆ ಬರೆದ ಮಾತಿಗೆ ದನಿ ಇರುವುದಿಲ್ಲ. ‘ತೆಗೆಯುತ್ತೀರಾ ದೊಡ್ಡ ಮಾವ’ ಎನ್ನುವುದನ್ನು ಅವರು ಯಾವ ರಾಗದಲ್ಲಿ ಓದಿಕೊಳ್ಳುತ್ತಾರೋ ಬಲ್ಲವರಾರು. ಫೋನಾದರೆ ನಡುವೆ ನಿಲ್ಲಿಸಬಹುದು, ನಗಬಹುದು, ಅವರ ಉಸಿರು ಕೇಳಿ ಮುಂದಿನ ಮಾತು ಬದಲಿಸಬಹುದು.

ಹೋಲಿಕೆಯೊಂದು ನನ್ನ ಬಾಯಿಯ ತುದಿಯಲ್ಲೇ ಇತ್ತು. ಶನಿವಾರ ದೋಣಿ ಕರ್ನಾಟಕ ಘಾಟ್ ದಾಟಿ ಪಕ್ಕದ ಹರಿಶ್ಚಂದ್ರ ಘಾಟಿನ ಎದುರು ಬಂದಾಗ ದೋಣಿಯವನು ‘ಇಲ್ಲಿ ಫೋಟೋ ಬೇಡ’ ಎಂದಿದ್ದ. ದೊಡ್ಡ ಮಾವ ಏಕೆ ಎಂದು ಕೇಳದೆ ಫೋನನ್ನು ಜೇಬಿಗಿಟ್ಟು ಕೈ ಮುಗಿದಿದ್ದರು. ಯಾರದೋ ಮನೆಯ ದುಃಖ, ಅದು ನಮ್ಮ ಫೋನಿಗಲ್ಲ ಎನ್ನುವುದು ಅವರಿಗೆ ಹೇಳಿಕೊಡಬೇಕಾದ ಪಾಠವೇ ಅಲ್ಲ. ಆದರೂ ಅದನ್ನು ಎತ್ತಲಿಲ್ಲ. ಮಗುವಿನ ಮಾತಿಗೆ ಸ್ಮಶಾನದ ಹೋಲಿಕೆ ತಂದರೆ ಹಿರಿಯರು ಫೋಟೋ ಬಿಟ್ಟು ಅಪಶಕುನಕ್ಕೆ ಅಂಟಿಕೊಳ್ಳುತ್ತಾರೆ.

ಸೋಮವಾರ ಬೆಳಗಿನ ಜಾವ ಅವರೆಲ್ಲ ಟೆಂಪೋ ಟ್ರಾವೆಲರಿನಲ್ಲಿ ಪ್ರಯಾಗಕ್ಕೆ ಹೊರಟರು. ಹೊರಡುವ ಗಡಿಬಿಡಿಯಲ್ಲಿ, ಎಲ್ಲರ ಎದುರು, ಹೇಳುವುದು ಸರಿಯಲ್ಲ. ನಾನು ಮಗನನ್ನು ಕೂರಿಸಿಕೊಂಡು ಆ ಮೂರು ದಿನದ ಫೋಟೋಗಳನ್ನೆಲ್ಲ ತೋರಿಸಿದೆ. ‘ನಿನಗೆ ಯಾವುದು ಇಷ್ಟ?’ ಅವನು ಆರಿಸಿದ್ದು ದೋಣಿಯಲ್ಲಿನದು. ದೊಡ್ಡಜ್ಜನ ಎರಡು ಮಂಡಿಗಳ ನಡುವೆ ಸ್ವೆಟರು ಹಾಕಿ ಕೂತು ಸೇವು ಎರಚುತ್ತಿದ್ದಾನೆ, ಸುತ್ತ ಬಿಳಿ ಹಕ್ಕಿಗಳು ಮುತ್ತಿವೆ. ಚಳಿಗಾಲದಲ್ಲಿ ದೂರದೇಶದಿಂದ ಬರುವ ಕಡಲಕ್ಕಿಗಳು ಅವು, ದೋಣಿಯವರು ಸೇವಿನ ಪೊಟ್ಟಣವನ್ನೂ ಜೊತೆಗೆ ಮಾರುತ್ತಾರೆ. ಆ ಫೋಟೋದಲ್ಲಿ ದೊಡ್ಡ ಮಾವನ ಮುಖವೂ ಚೆನ್ನಾಗಿ ಬಂದಿತ್ತು. ಕೇದಾರ ಘಾಟಿನದರಲ್ಲಿ ಅವರು ಇರಲೇ ಇಲ್ಲ, ತೆಗೆದವರು ತಾನೆ.

ಮಧ್ಯಾಹ್ನ ಒಂದೂವರೆಗೆ, ಸಂಗಮದ ಸ್ನಾನ ಮುಗಿದು ಊಟಕ್ಕೆ ಕೂರುವ ಮೊದಲು ಸಿಕ್ಕರು.

‘ದೊಡ್ಡ ಮಾವ, ಸ್ನಾನ ಚೆನ್ನಾಗಿ ಆಯ್ತಾ?’

‘ಆಯ್ತಮ್ಮಾ. ಏನು ಜನ, ಏನು ಜನ!’

‘ಪುಟ್ಟ ನಿಮ್ಮ ಹತ್ತಿರ ಒಂದು ಕೇಳಬೇಕು ಅಂತಿದ್ದಾನೆ. ನಾಚಿಕೆಯಂತೆ, ಅದಕ್ಕೆ ನಾನು ಕೇಳ್ತಾ ಇದೀನಿ.’

‘ಏನಂತೆ?’

‘ಕೇದಾರ ಘಾಟಿನಲ್ಲಿ ತೆಗೆದದ್ದಿದೆಯಲ್ಲ, ಅವನು ಅಳ್ತಾ ಇರೋದು, ಅದರ ಬದಲು ದೋಣಿಯಲ್ಲಿ ನಿಮ್ಮ ಜೊತೆ ಕೂತಿರೋದು ಎಲ್ಲರೂ ನೋಡಲಿ ಅಂತ. ಹುಡುಗರು ನಗ್ತಾರಂತೆ.’

ಒಂದು ಕ್ಷಣ ಏನೂ ಇಲ್ಲ. ಹಿಂದೆ ಮೈಕಿನಲ್ಲಿ ಯಾರನ್ನೋ ಹೆಸರು ಹಿಡಿದು ಕರೆಯುತ್ತಿದ್ದರು.

‘ಮಗು ಅಲ್ವೇನೇ? ಅದರಲ್ಲಿ ನಾಚಿಕೆ ಎಂಥದ್ದು? ನಮ್ಮನ್ನೆಲ್ಲ ಹೊಳೆಯಲ್ಲಿ ಹಾಗೇ ಬಿಟ್ಟಿದ್ದರು.’

‘ಹೌದು ದೊಡ್ಡ ಮಾವ. ನಿಮ್ಮನ್ನ ನೋಡಿದ್ದು ಹೊಳೆ ದಡದವರು ಮಾತ್ರ. ಇವನನ್ನ ದಾವಣಗೆರೆಯ ಬೀಗರ ಮನೆಯವರೂ ನೋಡಿಬಿಟ್ಟರು.’

ಅದಕ್ಕೆ ಅವರು ನಕ್ಕರು. ನಕ್ಕ ಮೇಲೆ ಕಷ್ಟದ ಭಾಗ ಮುಗಿಯಿತು ಎಂದುಕೊಂಡೆ. ಆ ಮಾತಿನಲ್ಲಿ ನಾನು ಬೇಕೆಂದೇ ಬಿಟ್ಟದ್ದು ಎರಡು. ‘ಯಾಕೆ ಹಾಕಿದಿರಿ’ ಎಂದು ಕೇಳಲಿಲ್ಲ, ಆ ಪ್ರಶ್ನೆಗೆ ಉತ್ತರ ಕೊಡಲು ಹೊರಟವರು ತಮ್ಮ ಪರವಾಗಿ ವಾದಿಸಲೇಬೇಕಾಗುತ್ತದೆ. ಕಾಲ ಕೆಟ್ಟಿದೆ, ಯಾರ್‍ಯಾರು ಆ ಫೋಟೋವನ್ನು ಏನೇನಕ್ಕೆ ಬಳಸುತ್ತಾರೋ ಎಂಬ ಭಯವನ್ನೂ ಹೇಳಲಿಲ್ಲ. ಭಯ ಸುಳ್ಳಲ್ಲ. ಒದ್ದೆ ಚಡ್ಡಿಯ ಮಗುವಿನ ಫೋಟೋ ಗುರುತಿಲ್ಲದವರ ಕೈಗೆ ಹೋಗುವುದು ನನಗೂ ಬೇಡ. ಆದರೆ ಅದನ್ನು ಹೇಳಿದ ಕೂಡಲೇ ‘ನಮ್ಮ ಮನೆಯವರಲ್ಲಿ ಯಾರಮ್ಮಾ ಅಂಥವರು?’ ಎಂಬ ಮಾತು ಬರುತ್ತದೆ. ಆಮೇಲೆ ಆ 164 ಜನರ ಶೀಲದ ಬಗ್ಗೆ ನಾನು ಸಾಕ್ಷಿ ಹೇಳಬೇಕು. ಮಗುವೇ ಕೇಳಿದೆ ಎನ್ನುವುದು ನಿಜವೂ ಆಗಿತ್ತು, ಸಾಕೂ ಆಗಿತ್ತು.

ಉಳಿದದ್ದು ಬೆರಳಿನ ಕೆಲಸ. ನಾನು ಹೇಳಿಕೊಟ್ಟೆ: ಫೋಟೋದ ಮೇಲೆ ಬೆರಳು ಒತ್ತಿ ಹಿಡಿಯಿರಿ, ಮೇಲೆ ಕಸದ ಬುಟ್ಟಿಯ ಚಿತ್ರ ಬರುತ್ತದೆ, ಅದನ್ನು ಒತ್ತಿ, ಆಗ ಬರುವುದರಲ್ಲಿ Delete for everyone ಎನ್ನುವುದನ್ನು ಒತ್ತಿ. ಹೇಳಲು ಸ್ಪೀಕರಿಗೆ ಹಾಕಿಸಿದೆ, ಕಿವಿಗೆ ಹಿಡಿದುಕೊಂಡೇ ಹುಡುಕುತ್ತಿದ್ದರು. ‘ಹೋಯ್ತಮ್ಮಾ’ ಅಂದರು. ನನ್ನ ಫೋನು ನೋಡಿದೆ. ಫೋಟೋ ಅಲ್ಲೇ ಇತ್ತು, 47 ಹೃದಯಗಳ ಸಮೇತ.

ಅವರು ಒತ್ತಿದ್ದು ಅದರ ಪಕ್ಕದ Delete for me. ಹಿರಿಯರಲ್ಲಿ ಇದು ಬಹಳ ಸಾಮಾನ್ಯ, ಏಕೆಂದರೆ ಎರಡೂ ಸಾಲು ಒಂದೇ ರೀತಿ ಶುರುವಾಗುತ್ತವೆ, ಮತ್ತು ಒತ್ತಿದವರ ಫೋನಿನಲ್ಲಿ ಎರಡರ ಫಲವೂ ಹೆಚ್ಚುಕಡಿಮೆ ಒಂದೇ: ಫೋಟೋ ಕಾಣುವುದಿಲ್ಲ. ಅವರ ಮಟ್ಟಿಗೆ ಮಾತು ನಡೆಸಿಕೊಟ್ಟಾಯಿತು. ಒತ್ತಿದ ಕೆಲವೇ ಸೆಕೆಂಡು ಕೆಳಗೆ Undo ಎಂದು ಕಾಣಿಸಿಕೊಳ್ಳುತ್ತದೆ, ಆಗ ವಾಪಸು ತರಬಹುದು. ಅದು ಅವರು ‘ಹೋಯ್ತಮ್ಮಾ’ ಅನ್ನುವಷ್ಟರಲ್ಲಿ ಮುಗಿದಿತ್ತು. ಈಗ ಅವರ ಫೋನಿನಲ್ಲಿ ಒತ್ತಿ ಹಿಡಿಯಲು ಆ ಸಂದೇಶವೇ ಇಲ್ಲ. ಕಳಿಸಿದವರ ಕೈಯಲ್ಲಿ ಇನ್ನು ಏನೂ ಉಳಿದಿಲ್ಲ. ಹೀಗಾಗಿದೆಯೋ ಇಲ್ಲವೋ ತಿಳಿಯಲು ಒಂದೇ ಉಪಾಯ, ಬೇರೆ ಯಾರಾದರೂ ಸದಸ್ಯರ ಫೋನಿನಲ್ಲಿ ನೋಡುವುದು.

ಆಗ ಉಳಿಯುವುದು ಗುಂಪಿನ ಅಡ್ಮಿನ್. ಬೇರೆಯವರು ಹಾಕಿದ್ದನ್ನೂ ಅಡ್ಮಿನ್ ಎಲ್ಲರ ಫೋನಿನಿಂದ ಅಳಿಸಬಹುದು. ನಮ್ಮ ಗುಂಪಿಗೆ ಅಡ್ಮಿನ್ ಶಿವಮೊಗ್ಗದಲ್ಲಿರುವ ನನ್ನ ನಾದಿನಿ. ಆದರೆ ಹಾಗೆ ಅಳಿಸಿದ ಜಾಗದಲ್ಲಿ ಅಡ್ಮಿನ್ ಅಳಿಸಿದ್ದಾರೆ ಎಂಬ ಸಾಲು ಎಲ್ಲರಿಗೂ ಕಾಣುತ್ತದೆ. ತಮ್ಮನ ಮಗಳು ದೊಡ್ಡಪ್ಪನ ಸಂದೇಶ ತೆಗೆದುಹಾಕಿದಳು ಎಂದು ಕೆಳಗಿನ ಮನೆಯವರು ಓದಿದರೆ ಬೇರೆ ಕಥೆಯೇ ಹುಟ್ಟುತ್ತದೆ. ನಾದಿನಿಗೆ ಇದು ನಾನು ಹೇಳುವ ಮೊದಲೇ ಹೊಳೆದಿತ್ತು. ಅವಳು ದೊಡ್ಡಪ್ಪನಿಗೆ ಫೋನು ಮಾಡಿ ‘ನಿಮ್ಮ ಫೋನಿನಲ್ಲಿ ಅಳಿಸಿದ್ದು ಪೂರ್ತಿ ಹೋಗಿಲ್ಲ ದೊಡ್ಡಪ್ಪ, ನೀವು ಹೇಳಿದರೆ ನಾನು ಇಲ್ಲಿಂದ ಮುಗಿಸುತ್ತೇನೆ’ ಅಂದಳಂತೆ. ‘ಮುಗಿಸು ಮಾರಾಯ್ತಿ’ ಅಂದರಂತೆ. ಸಂಜೆ ಆರಕ್ಕೆ ಫೋಟೋ ಹೋಯಿತು. ಅದಾದ ಎರಡನೇ ನಿಮಿಷಕ್ಕೆ ದೊಡ್ಡ ಮಾವನ ಫೋನಿನಿಂದಲೇ ಹಕ್ಕಿಗಳ ಫೋಟೋ ಬಂತು. ಅದನ್ನು ನಾನು ಮಧ್ಯಾಹ್ನವೇ ಅವರಿಗೆ ಕಳಿಸಿಟ್ಟಿದ್ದೆ. ಆ ಎರಡು ನಿಮಿಷದ ಅಂತರ ಮುಖ್ಯ. ಅಳಿಸಿದ ಗುರುತು ಒಂಟಿಯಾಗಿ ಉಳಿದರೆ ‘ಏನದು, ಏನದು’ ಎಂದು ಕೇಳುವವರು ಹುಟ್ಟಿಕೊಳ್ಳುತ್ತಾರೆ. ಮೇಲೆ ಹೊಸದೊಂದು ಬಂದು ಕೂತರೆ ಜನ ಅದನ್ನೇ ನೋಡುತ್ತಾರೆ. ಒಬ್ಬರು ಮಾತ್ರ ‘ಏನೋ ಡಿಲೀಟ್ ಆಗಿದೆ?’ ಎಂದರು. ದೊಡ್ಡ ಮಾವ ‘ಅದಕ್ಕಿಂತ ಇದು ಒಳ್ಳೇದು’ ಎಂದು ಬರೆದು ಬಾಯಿ ಮುಚ್ಚಿಸಿದರು.

ಹೊಸದಕ್ಕೆ 29 ಹೃದಯ. ಕೆಳಗಿನ ಮನೆಯವರದು ಎರಡು. ಅದನ್ನು ಎಣಿಸಿದ್ದು ನಾನೊಬ್ಬಳೇ ಇರಲಾರೆ.

ಇಲ್ಲಿಗೆ ಎಲ್ಲ ಅಳಿಸಿತೇ ಎಂದರೆ ಇಲ್ಲ. ಗುಂಪಿನಲ್ಲಿ ಅಳಿಸಿದರೆ ಗುಂಪಿನ ಸಂದೇಶ ಹೋಗುತ್ತದೆ, ಅಲ್ಲಿಂದ ಬೇರೆಡೆಗೆ ದಾಟಿಸಿದ ಪ್ರತಿ ಹೋಗುವುದಿಲ್ಲ. ಐಫೋನಿನವರು ತಮ್ಮ ಫೋಟೋ ಸಂಗ್ರಹಕ್ಕೆ ಉಳಿಸಿಕೊಂಡದ್ದು ಅಲ್ಲೇ ಇರುತ್ತದೆ. ಗೂಗಲ್ ಫೋಟೋಸ್‌ಗೆ ತಾನಾಗಿ ಏರಿದ್ದೂ ಇರುತ್ತದೆ. ಎಲ್ಲರನ್ನೂ ಬೆನ್ನಟ್ಟಿ ಹೋದರೆ ಮರೆತವರಿಗೂ ನೆನಪು ಮಾಡಿಕೊಟ್ಟ ಹಾಗೆ. ಗೊತ್ತಿದ್ದ ಇಬ್ಬರನ್ನು ಮಾತ್ರ ಕೇಳಿದೆ. ಒಬ್ಬರು ಅದನ್ನು ಸ್ಟೇಟಸ್‌ಗೆ ಹಾಕಿಕೊಂಡಿದ್ದರು, 24 ಗಂಟೆ ಕಳೆದು ಅದು ತಾನೇ ಹೋಗಿತ್ತು, ಮತ್ತೆ ಹಾಕಬೇಡಿ ಎಂದಷ್ಟೇ ಹೇಳಬೇಕಾಯಿತು. ಇನ್ನೊಬ್ಬ ಸ್ಟಿಕ್ಕರಿನ ಹುಡುಗ.

ಸ್ಟಿಕ್ಕರು ಮೂಲ ಫೋಟೋದ ನೆರಳಲ್ಲ, ಅದೇ ಬೇರೆ ಚಿತ್ರ. ಮೂಲವನ್ನು ಅಳಿಸಿದರೆ ಅದಕ್ಕೇನೂ ಆಗುವುದಿಲ್ಲ. ಯಾರಾದರೂ ಅದನ್ನು ತಮ್ಮ ಮೆಚ್ಚಿನವುಗಳಿಗೆ ಸೇರಿಸಿಕೊಂಡಿದ್ದರೆ ಅವರಿಂದ ಮುಂದಕ್ಕೂ ಹೋಗುತ್ತದೆ. ಹದಿನೇಳರ ಹುಡುಗನಿಗೆ ಹಿರಿಯರಿಗೆ ಹೇಳಿದ ಹಾಗೆ ಹೇಳಬೇಕಾಗಿಲ್ಲ. ‘ನಿನ್ನ ಫೋಟೋದಲ್ಲಿ ಹೀಗೆ ಮಾಡಿದ್ದರೆ ಏನು ಮಾಡುತ್ತಿದ್ದೆ?’ ಎಂದೆ. ‘ಗ್ರೂಪ್ ಬಿಡ್ತಿದ್ದೆ ಚಿಕ್ಕಮ್ಮ’ ಎಂದ. ಪುಟ್ಟನಿಗೆ ಬಿಡಲು ಗ್ರೂಪು ಎಲ್ಲಿದೆ, ಅವನಿಗೆ ಫೋನೇ ಇಲ್ಲ ಎಂದೆ. ತಾನು ಕಳಿಸಿದ್ದನ್ನೆಲ್ಲ ಹುಡುಕಿ ಗಡುವಿನೊಳಗಿದ್ದವನ್ನು ಅಳಿಸಿದ, ತನ್ನ ಸಂಗ್ರಹದಿಂದಲೂ ತೆಗೆದ. ತಾನು ಕೊಟ್ಟ ಮೂವರು ಗೆಳೆಯರಿಗೆ ಹೇಳಿದ್ದೇನೆ ಎಂದ. ನಾಲ್ಕನೆಯವರು ಯಾರಾದರೂ ಇದ್ದಾರೋ ಅವನಿಗೂ ತಿಳಿಯದು.

ಕಾಶಿಯ ಪುರೋಹಿತರ ಮನೆಯಲ್ಲಿ ಈ ಸಲ ದೊಡ್ಡ ಮಾವ ಇನ್ನೊಂದು ಕೆಲಸ ಮಾಡಿಸಿದ್ದರು. ತೀರ್ಥಪುರೋಹಿತರ ಹಳೆಯ ಉದ್ದನೆಯ ವಹಿ ತೆಗೆಸಿ, ತಮ್ಮ ಅಜ್ಜನ ಹೆಸರಿನ ಕೆಳಗಿನ ಸಾಲುಗಳಲ್ಲಿ ಪುಟ್ಟನ ಹೆಸರನ್ನೂ ಬರೆಸಿದ್ದರು. ಯಾವ ಊರು, ಯಾರ ಮಗ, ಯಾವ ದಿನ ಬಂದದ್ದು. ಆ ವಹಿ ಕಟ್ಟಿ ಪೆಟ್ಟಿಗೆಗೆ ಹೋಗುತ್ತದೆ. ನಮ್ಮ ವಂಶದವರು ಬಂದು ಊರು ಹೇಳಿ ಕೇಳಿದರೆ ಹೊರಗೆ ಬರುತ್ತದೆ. ಪುಟ್ಟ ಅದರ ಮುಂದೆ ಕೂತು ತನ್ನ ಹೆಸರಿನ ಅಕ್ಷರಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದ್ದ. ಅದನ್ನು ಅಳಿಸು ಎಂದು ಅವನು ಕೇಳಲಿಲ್ಲ.

ಊರು ಮುಟ್ಟಿದ ಮೇಲೆ ದೊಡ್ಡ ಮಾವ ಹೊಸ ಪದ್ಧತಿ ಹಿಡಿದಿದ್ದಾರೆ. ಯಾತ್ರೆಯ ಉಳಿದ ಫೋಟೋಗಳನ್ನು ಬೆಳಗ್ಗೆ ಐದಕ್ಕೆ ಎದ್ದು ಮೊದಲು ನನಗೆ ಕಳಿಸುತ್ತಾರೆ: ‘ಇದನ್ನು ಹಾಕಲಾ?’ ಕಳೆದ ವಾರ ಹನ್ನೊಂದು ಬಂದವು. ಶಾಲೆಗೆ ಹೊರಡುವ ಮೊದಲು ಪುಟ್ಟ ಹಾಲು ಕುಡಿಯುತ್ತ ನೋಡಿ ನಾಲ್ಕಕ್ಕೆ ಹೂಂ ಎಂದ. ಒಂದಕ್ಕೆ ಮಾತ್ರ, ‘ಇದರಲ್ಲಿ ದೊಡ್ಡಜ್ಜ ನಿದ್ದೆ ಮಾಡ್ತಾ ಇದಾರೆ, ಬಾಯಿ ತೆರೆದಿದೆ, ಅವರನ್ನ ಕೇಳಿದಾರಾ?’ ಎಂದ. ಅದನ್ನು ತೆಗೆದದ್ದು ಯಾರೆಂದು ನನಗೆ ಗೊತ್ತಿಲ್ಲ. ದೊಡ್ಡ ಮಾವ ಗಮನಿಸದೆ ಕಳಿಸಿದ್ದಾರೆ. ಅದೊಂದಕ್ಕೆ ಏನು ಬರೆಯಬೇಕೆಂದು ಇನ್ನೂ ಯೋಚಿಸುತ್ತಿದ್ದೇನೆ.